ವಿದ್ಯಾರ್ಥಿವೇತನ ಮಂಜೂರಾತಿ ಪತ್ರದ ಷರತ್ತುಗಳು: ಪೋಷಕರಿಗಾಗಿ ಕನ್ನಡದಲ್ಲಿ

ಪೋಷಕರಿಗೆ ನಮಸ್ಕಾರ.

2025-26ನೇ ಸಾಲಿನಲ್ಲಿ ಬಿ.ಇ. ಮೊದಲ ವರ್ಷಕ್ಕೆ ಸೇರಿರುವ ನಿಮ್ಮ ಮಗಳಿಗೆ ಟ್ರಸ್ಟ್ ವಿದ್ಯಾರ್ಥಿವೇತನ ಮಂಜೂರು ಮಾಡಿದೆ. ಪತ್ರ ಇಂಗ್ಲಿಷಿನಲ್ಲಿದೆ. ಅದರ ಕೊನೆಯ ಪುಟದಲ್ಲಿ ನಿಮ್ಮ ಸಹಿಯೂ ಬೇಕು. ಏನು ಬರೆದಿದೆ ಎಂದು ತಿಳಿಯದೆ ನೀವು ಸಹಿ ಹಾಕಬಾರದು. ಅದಕ್ಕಾಗಿಯೇ ಈ ಅನುವಾದ. ಷರತ್ತುಗಳ ಸಂಖ್ಯೆ ಮೂಲಪತ್ರದಲ್ಲಿ ಇದ್ದಂತೆಯೇ ಇದೆ. ‘ವಿವರಣೆ’ ಎಂದು ಶುರುವಾಗುವ ಭಾಗ ಮೂಲದಲ್ಲಿಲ್ಲ, ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದವರಾದ ನಾವು ಸೇರಿಸಿದ್ದು. ಅರ್ಥದಲ್ಲಿ ಎಲ್ಲಾದರೂ ವ್ಯತ್ಯಾಸ ಕಂಡರೆ ಇಂಗ್ಲಿಷ್ ಪತ್ರದ ಮಾತೇ ಅಂತಿಮ.

ಮೂಲದಲ್ಲಿ ‘ಶಲ್’ ಎಂದಿರುವಲ್ಲೆಲ್ಲ ನಾವು ‘ಕಡ್ಡಾಯ’ ಅಥವಾ ‘ಮಾಡಲೇಬೇಕು’ ಎಂದು ಬರೆದಿದ್ದೇವೆ. ‘ಮೇ’ ಎಂದಿರುವಲ್ಲಿ ‘ಮಾಡಬಹುದು’ ಎಂದಿದೆ. ‘ಟ್ರಸ್ಟ್ ಕೊಡಬಹುದು’ ಎಂದಿದ್ದರೆ ಕೊಡದೆಯೂ ಇರಬಹುದು ಎಂದೇ ತಿಳಿಯಿರಿ, ಅದನ್ನು ಹಕ್ಕೆಂದು ಕೇಳಲಾಗದು.

ಷರತ್ತು 1: ಮೊತ್ತ ಮತ್ತು ಅವಧಿ

ವಿದ್ಯಾರ್ಥಿವೇತನ ವರ್ಷಕ್ಕೆ ₹50,000. ಈ ಮಂಜೂರಾತಿ 2025-26ನೇ ಶೈಕ್ಷಣಿಕ ವರ್ಷಕ್ಕೆ ಮಾತ್ರ. ಷರತ್ತು 5ರಂತೆ ನವೀಕರಣವಾದರೆ ಇದನ್ನು ಗರಿಷ್ಠ ನಾಲ್ಕು ವರ್ಷದವರೆಗೆ ಮುಂದುವರಿಸಬಹುದು.

ವಿವರಣೆ: ನಾಲ್ಕು ವರ್ಷಕ್ಕೆ ₹2,00,000 ಮಂಜೂರಾಗಿದೆ ಎಂದು ಲೆಕ್ಕ ಹಾಕಿಕೊಳ್ಳಬೇಡಿ. ಕೈಯಲ್ಲಿರುವುದು ಒಂದು ವರ್ಷದ್ದು. ಉಳಿದ ಮೂರು ವರ್ಷದ್ದನ್ನು ಪ್ರತಿ ಸಲವೂ ಅರ್ಜಿ ಹಾಕಿ ಪಡೆಯಬೇಕು.

ಷರತ್ತು 2: ಹಣ ಬರುವ ಬಗೆ

ಹಣ ಎರಡು ಕಂತಿನಲ್ಲಿ ವಿದ್ಯಾರ್ಥಿನಿಯ ಹೆಸರಿನ ಉಳಿತಾಯ ಖಾತೆಗೆ ಜಮೆಯಾಗುತ್ತದೆ. ಮೊದಲ ಕಂತು ₹25,000, ಸಹಿಯಾದ ಪತ್ರ ತಲುಪಿದ 30 ದಿನದೊಳಗೆ. ಎರಡನೇ ಕಂತು ₹25,000, ಷರತ್ತು 7ರ ಮೊದಲ ಪ್ರಗತಿ ವರದಿ ಒಪ್ಪಿಗೆಯಾದ ಮೇಲೆ. ತಂದೆ, ತಾಯಿ ಅಥವಾ ಬೇರೆಯವರ ಖಾತೆಗೆ ಹಣ ಕಳುಹಿಸುವುದಿಲ್ಲ.

ವಿವರಣೆ: ಇಲ್ಲಿ ಹೆಚ್ಚಾಗಿ ಎಡವುವುದು ಖಾತೆಯ ವಿಷಯದಲ್ಲಿ. ಹೈಸ್ಕೂಲಿನಲ್ಲಿದ್ದಾಗ ತೆರೆದ ಖಾತೆಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ವ್ಯವಹಾರ ನಡೆಯದಿದ್ದರೆ ಬ್ಯಾಂಕು ಅದನ್ನು ನಿಷ್ಕ್ರಿಯ ಮಾಡಿರುತ್ತದೆ. ಕಡಿಮೆ ದಾಖಲೆ ಕೊಟ್ಟು ತೆರೆದ ‘ಸಣ್ಣ ಖಾತೆ’ಯಾದರೆ ಯಾವ ಹೊತ್ತಿಗೂ ₹50,000ಕ್ಕಿಂತ ಹೆಚ್ಚು ಬಾಕಿ ಇರುವಂತಿಲ್ಲ, ತಿಂಗಳಿಗೆ ₹10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಆಗ ಹಣ ಬಂದಿದ್ದರೂ ಕಾಲೇಜಿನ ಶುಲ್ಕ ಕಟ್ಟುವ ಹೊತ್ತಿಗೆ ಸಿಗುವುದಿಲ್ಲ. ಮಗಳನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ, ಆಧಾರ್ ಮತ್ತು ಪ್ಯಾನ್ ಕೊಟ್ಟು ಪೂರ್ಣ ಕೆವೈಸಿ ಮಾಡಿಸಿ.

ಪಾಸ್‌ಬುಕ್ಕಿನಲ್ಲಿರುವ ಐಎಫ್‌ಎಸ್‌ಸಿಯನ್ನೂ ನೋಡಿ. ಅದು `SYNB` ಎಂದು ಶುರುವಾದರೆ ಹಳೆಯ ಸಿಂಡಿಕೇಟ್ ಬ್ಯಾಂಕಿನದು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಗಿದೆ, ಆ ಕೋಡ್ ಈಗ ನಡೆಯುವುದಿಲ್ಲ. ಹೊಸ ಪಾಸ್‌ಬುಕ್ ಮಾಡಿಸಿ ಅದರ ಮೊದಲ ಪುಟದ ಜೆರಾಕ್ಸ್ ಕೊಡಿ.

ಷರತ್ತು 3: ಹಣದ ಬಳಕೆ

ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಹಾಸ್ಟೆಲ್ ಮತ್ತು ಊಟ, ಪುಸ್ತಕ, ಲ್ಯಾಬ್ ಸಾಮಗ್ರಿ, ಬಸ್ ಪಾಸ್: ಹಣವನ್ನು ಇವುಗಳಿಗೆ ಮಾತ್ರ ಬಳಸಬೇಕು. ಲ್ಯಾಪ್‌ಟಾಪ್ ಕೊಳ್ಳಲು ಟ್ರಸ್ಟಿನ ಲಿಖಿತ ಅನುಮತಿಯನ್ನು ಮೊದಲೇ ಪಡೆಯಬೇಕು.

ಷರತ್ತು 4: ಬೇರೆ ವಿದ್ಯಾರ್ಥಿವೇತನ ಮತ್ತು ಶುಲ್ಕ ವಿನಾಯಿತಿ

ಸರ್ಕಾರದಿಂದಾಗಲಿ ಖಾಸಗಿಯವರಿಂದಾಗಲಿ ಬೇರೆ ವಿದ್ಯಾರ್ಥಿವೇತನ ಅಥವಾ ಶುಲ್ಕ ವಿನಾಯಿತಿ ಮಂಜೂರಾದರೆ 15 ದಿನದೊಳಗೆ ಬರಹದಲ್ಲಿ ತಿಳಿಸುವುದು ಕಡ್ಡಾಯ. ಎಲ್ಲವೂ ಸೇರಿ ಆ ವರ್ಷದ ನಿಜವಾದ ವೆಚ್ಚವನ್ನು ಮೀರಿದರೆ ಟ್ರಸ್ಟ್ ತನ್ನ ಮೊತ್ತವನ್ನು ಅಷ್ಟರ ಮಟ್ಟಿಗೆ ಕಡಿಮೆ ಮಾಡಬಹುದು.

ವಿವರಣೆ: ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕಿದ ಅರ್ಜಿ, ರೈತ ವಿದ್ಯಾನಿಧಿ, ಎಸ್‌ಎನ್‌ಕ್ಯೂ ಸೀಟಿನ ಶುಲ್ಕ ವಿನಾಯಿತಿ, ಕಾರ್ಮಿಕ ಇಲಾಖೆಯ ಸಹಾಯಧನ ಎಲ್ಲವೂ ಇದರಲ್ಲಿ ಸೇರುತ್ತವೆ. ಬೇರೆ ಕಡೆ ಅರ್ಜಿ ಹಾಕಬೇಡಿ ಎಂದು ಈ ಷರತ್ತು ಹೇಳುವುದಿಲ್ಲ. ಹಾಕಿ, ಬಂದರೆ ತಿಳಿಸಿ. ಉದಾಹರಣೆಗೆ, ವರ್ಷದ ಒಟ್ಟು ಖರ್ಚು ₹90,000 ಆಗಿ ಬೇರೆ ಕಡೆಯಿಂದ ₹30,000 ಬಂದರೆ ಈ ₹50,000 ಪೂರ್ತಿ ಸಿಗುತ್ತದೆ. ಬೇರೆ ಕಡೆಯಿಂದ ₹55,000 ಬಂದರೆ ಇಲ್ಲಿ ₹15,000 ಕಡಿತವಾಗಬಹುದು. ತಿಳಿಸದೆ ಇದ್ದು ಆಮೇಲೆ ಗೊತ್ತಾದರೆ ಅದು ಷರತ್ತು 9ರ ‘ಮಾಹಿತಿ ಮುಚ್ಚಿಟ್ಟದ್ದು’ ಆಗುತ್ತದೆ. ಆಗ ಹೋಗುವುದು ಬರೀ ₹15,000 ಅಲ್ಲ.

ಷರತ್ತು 5: ನವೀಕರಣ

ನವೀಕರಣ ತಾನಾಗಿ ಆಗುವುದಿಲ್ಲ. ವಿದ್ಯಾರ್ಥಿನಿ ಪ್ರತಿ ವರ್ಷ ಸೆಪ್ಟೆಂಬರ್ 1ರಿಂದ 30ರೊಳಗೆ ಅರ್ಜಿ ಸಲ್ಲಿಸಬೇಕು. ಕೆಳಗಿನ ನಾಲ್ಕೂ ಪೂರೈಸಿರಬೇಕು:

(ಅ) ಅಲ್ಲಿಯವರೆಗಿನ ಸಿಜಿಪಿಎ 7.0ಕ್ಕೆ ಕಡಿಮೆ ಇರಬಾರದು.
(ಆ) ಪ್ರತಿ ವಿಷಯದಲ್ಲೂ ಹಾಜರಾತಿ 85%ಗೆ ಕಡಿಮೆ ಇರಬಾರದು.
(ಇ) ಯಾವ ವಿಷಯವೂ ಬಾಕಿ ಉಳಿದಿರಬಾರದು.
(ಈ) ಕುಟುಂಬದ ವಾರ್ಷಿಕ ಆದಾಯ ₹4,00,000 ಮೀರಿರಬಾರದು.

ವಿವರಣೆ: ಪತ್ರದಲ್ಲಿ ನೀವು ಎರಡು ಸಲ ಓದಬೇಕಾದ ಭಾಗ ಇದು.

ಫಲಿತಾಂಶ ಬರಲಿ, ಆಮೇಲೆ ಅರ್ಜಿ ಹಾಕೋಣ ಎಂದು ಕಾಯಬೇಡಿ. ಎರಡನೇ ಸೆಮಿಸ್ಟರಿನ ಫಲಿತಾಂಶ ಸೆಪ್ಟೆಂಬರ್ ಕಳೆದ ಮೇಲೆ ಬಂದರೂ ಅರ್ಜಿಯ ಕೊನೆಯ ದಿನ ಮುಂದಕ್ಕೆ ಹೋಗುವುದಿಲ್ಲ. ಅಂಕಪಟ್ಟಿಯ ಜಾಗದಲ್ಲಿ ‘ಫಲಿತಾಂಶ ಪ್ರಕಟವಾಗಿಲ್ಲ’ ಎಂದು ಬರೆದು, ಪ್ರಾಂಶುಪಾಲರಿಂದ ಹಾಗೆಂದು ಪತ್ರ ಪಡೆದು, ಅರ್ಜಿಯನ್ನು 30ರೊಳಗೆ ಸಲ್ಲಿಸಿ. ಫಲಿತಾಂಶ ಬಂದ 10 ದಿನದೊಳಗೆ ಅಂಕಪಟ್ಟಿ ಕೊಟ್ಟರೆ ಸಾಕು, ಟ್ರಸ್ಟ್ ಇದನ್ನು ಒಪ್ಪುತ್ತದೆ. ಮರುಮೌಲ್ಯಮಾಪನಕ್ಕೆ ಹಾಕಿದ್ದರೂ ಇದೇ ಕ್ರಮ, ಶುಲ್ಕ ಕಟ್ಟಿದ ರಸೀದಿ ಜೊತೆಗಿರಲಿ.

ಎಸ್‌ಜಿಪಿಎ ಒಂದು ಸೆಮಿಸ್ಟರಿನ ಲೆಕ್ಕ, ಸಿಜಿಪಿಎ ಅಲ್ಲಿಯವರೆಗಿನ ಎಲ್ಲ ಸೆಮಿಸ್ಟರುಗಳ ಒಟ್ಟು ಲೆಕ್ಕ. ಮೊದಲ ಸೆಮಿಸ್ಟರಿನಲ್ಲಿ 7.8, ಎರಡನೆಯದರಲ್ಲಿ 6.4 ಬಂದು, ಎರಡಕ್ಕೂ 20 ಕ್ರೆಡಿಟ್ ಇದ್ದರೆ ಸಿಜಿಪಿಎ 7.1. ನವೀಕರಣಕ್ಕೆ ತೊಂದರೆಯಿಲ್ಲ. ಒಂದು ಸೆಮಿಸ್ಟರಿನಲ್ಲಿ ಅಂಕ ಇಳಿಯಿತೆಂದು ಮಗಳನ್ನು ಹೆದರಿಸಬೇಡಿ, ಲೆಕ್ಕ ಹಾಕಿ ನೋಡಿ.

ಹಾಜರಾತಿಯನ್ನು ಮಾತ್ರ ಸರಾಸರಿ ತೆಗೆಯುವುದಿಲ್ಲ, ವಿಷಯ ವಿಷಯಕ್ಕೂ ನೋಡುತ್ತಾರೆ. 40 ತರಗತಿ ನಡೆದ ವಿಷಯದಲ್ಲಿ 34ಕ್ಕೆ ಹಾಜರಿರಬೇಕು, ಅಂದರೆ ಇಡೀ ಸೆಮಿಸ್ಟರಿನಲ್ಲಿ ತಪ್ಪಿಸಬಹುದಾದದ್ದು ಆರು. ಊರಿನ ಜಾತ್ರೆಗೆಂದು ಮೂರು ದಿನ, ಮನೆಯ ಮದುವೆಗೆಂದು ನಾಲ್ಕು ದಿನ ಕರೆಸಿಕೊಂಡರೆ, ಆ ಏಳೂ ದಿನ ಆ ವಿಷಯದ ತರಗತಿ ಇದ್ದಲ್ಲಿ ಅಲ್ಲಿಗೇ ಮಿತಿ ದಾಟಿತು. ಕಾಯಿಲೆಯಾಗಿ ಮಲಗಿದ್ದರೆ ವೈದ್ಯರ ಪ್ರಮಾಣಪತ್ರವನ್ನು ವಾಪಸು ಬಂದ ವಾರದಲ್ಲೇ ಕಾಲೇಜಿಗೆ ಕೊಡಿಸಿ. ಸೆಮಿಸ್ಟರ್ ಮುಗಿದ ಮೇಲೆ ತಂದ ಪ್ರಮಾಣಪತ್ರವನ್ನು ಟ್ರಸ್ಟ್ ಒಪ್ಪುವುದಿಲ್ಲ.

ಆದಾಯ ಪ್ರಮಾಣಪತ್ರ ನಾಡಕಚೇರಿಯ ಮೂಲಕ ತಹಶೀಲ್ದಾರರು ಕೊಟ್ಟದ್ದಾಗಿರಬೇಕು. ಅದಕ್ಕೆ ಐದು ವರ್ಷದ ಮಾನ್ಯತೆ ಇರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಮಾಡಿಸಿದ್ದಾದರೆ ಬಿ.ಇ. ಮುಗಿಯುವ ಮೊದಲೇ ಅವಧಿ ತೀರುತ್ತದೆ. ದಿನಾಂಕ ಈಗಲೇ ನೋಡಿಟ್ಟುಕೊಳ್ಳಿ. ಪತ್ರದ ಮೇಲಿನ ಆರ್‌ಡಿ ಸಂಖ್ಯೆ ಜೆರಾಕ್ಸಿನಲ್ಲಿ ಸ್ಪಷ್ಟವಾಗಿ ಕಾಣಬೇಕು. ಅದರಲ್ಲಿ ತಂದೆಯ ಹೆಸರು ಒಂದು ರೀತಿ, ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ ಇದ್ದರೆ ಅರ್ಜಿ ವಾಪಸು ಬರುತ್ತದೆ. ಒಂದು ಇನಿಷಿಯಲ್ ಹೆಚ್ಚುಕಡಿಮೆಯಾದರೂ ಸೆಪ್ಟೆಂಬರಿಗೆ ಮೊದಲೇ ನಮಗೆ ತೋರಿಸಿ.

ಷರತ್ತು 6: ಒಂದು ಬಾರಿಯ ಅವಕಾಶ

ಸಿಜಿಪಿಎ 6.5ರಿಂದ 7.0ರ ನಡುವೆ ಇದ್ದರೆ ಅಥವಾ ಒಂದೇ ಒಂದು ವಿಷಯ ಬಾಕಿ ಇದ್ದರೆ ಟ್ರಸ್ಟ್ ಮುಂದಿನ ವರ್ಷದ ಮೊದಲ ಕಂತನ್ನು ಮಾತ್ರ ಕೊಡಬಹುದು. ಆ ಸೆಮಿಸ್ಟರಿನ ಕೊನೆಗೆ ಕೊರತೆ ಸರಿಹೋದರೆ ಎರಡನೇ ಕಂತೂ ಸಿಗುತ್ತದೆ. ನಾಲ್ಕು ವರ್ಷದಲ್ಲಿ ಈ ಅವಕಾಶ ಒಮ್ಮೆ ಮಾತ್ರ.

ವಿವರಣೆ: ಇದಕ್ಕೂ ಕೇಳಿಕೊಳ್ಳಬೇಕು. ಅಂಕ ಕಡಿಮೆಯಾಯಿತೆಂಬ ಸಂಕೋಚದಿಂದ ಅರ್ಜಿಯನ್ನೇ ಹಾಕದೆ ಇದ್ದರೆ ಈ ಬಾಗಿಲೂ ಮುಚ್ಚುತ್ತದೆ. ನವೀಕರಣದ ಅರ್ಜಿಯ ಜೊತೆಗೆ ಕಾರಣ ತಿಳಿಸುವ ಒಂದು ಪುಟದ ಪತ್ರವನ್ನು ಮಗಳೇ ಬರೆಯಲಿ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ.

ಷರತ್ತು 7: ಪ್ರಗತಿ ವರದಿ

ಪ್ರತಿ ಸೆಮಿಸ್ಟರಿನ ಫಲಿತಾಂಶ ಬಂದ 15 ದಿನದೊಳಗೆ ಅಂಕಪಟ್ಟಿ, ವಿಭಾಗದ ಮುಖ್ಯಸ್ಥರು ಸಹಿ ಮಾಡಿದ ಹಾಜರಾತಿ ಪತ್ರ ಮತ್ತು ವಿದ್ಯಾರ್ಥಿನಿ ಬರೆದ ಒಂದು ಪುಟದ ವರದಿ ಸಲ್ಲಿಸಬೇಕು.

ವಿವರಣೆ: ವರ್ಷಕ್ಕೆ ಎರಡು ಸಲ. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಬರುವ ಫಲಿತಾಂಶದ ಪ್ರಿಂಟ್ ಸದ್ಯಕ್ಕೆ ಸಾಕು, ಆದರೆ ಅದರಲ್ಲಿ ಹೆಸರು ಮತ್ತು ಯುಎಸ್ಎನ್ ಕಾಣಬೇಕು. ಮೊಬೈಲಿನ ಸ್ಕ್ರೀನ್‌ಶಾಟಿನಲ್ಲಿ ಅವು ಕತ್ತರಿಸಿಹೋಗುತ್ತವೆ. ಮೊದಲ ವರದಿ ತಡವಾದರೆ ಎರಡನೇ ಕಂತೂ ಅಷ್ಟೇ ತಡ.

ಷರತ್ತು 8: ಖರ್ಚಿನ ಲೆಕ್ಕ ಮತ್ತು ಬದಲಾವಣೆಗಳ ಮಾಹಿತಿ

ಪ್ರತಿ ವರ್ಷ ಜುಲೈ 31ರೊಳಗೆ ಖರ್ಚಿನ ವಿವರವನ್ನು ರಸೀದಿಗಳೊಂದಿಗೆ ಕೊಡಬೇಕು. ಕಾಲೇಜು ಅಥವಾ ವಿಭಾಗ ಬದಲಾವಣೆ, ಓದು ನಿಲ್ಲಿಸುವುದು, 30 ದಿನಕ್ಕಿಂತ ದೀರ್ಘ ಗೈರುಹಾಜರಿ, ವಿಳಾಸ, ಫೋನ್ ಅಥವಾ ಬ್ಯಾಂಕ್ ಖಾತೆಯ ಬದಲಾವಣೆ, ಇವನ್ನು 15 ದಿನದೊಳಗೆ ತಿಳಿಸಬೇಕು.

ವಿವರಣೆ: ಕೌನ್ಸೆಲಿಂಗಿನ ಸಮಯದಲ್ಲಿ ಕೆಇಎಗೆ ಕಟ್ಟಿದ ಶುಲ್ಕದ ಚಲನ್ ಬೇರೆ, ಕಾಲೇಜಿನಲ್ಲಿ ಕಟ್ಟಿದ ರಸೀದಿ ಬೇರೆ. ಎರಡೂ ಬೇಕು. ಹಾಸ್ಟೆಲ್ ಬದಲು ಪಿಜಿಯಲ್ಲಿದ್ದರೆ ತಿಂಗಳು ತಿಂಗಳು ಮಾಲೀಕರಿಂದ ಸಹಿ ಮಾಡಿಸಿದ ರಸೀದಿ ಪಡೆಯಲು ಮಗಳಿಗೆ ಹೇಳಿ. ಹತ್ತು ತಿಂಗಳದ್ದನ್ನು ಒಂದೇ ದಿನ ಬರೆಸಿಕೊಂಡು ಬಂದದ್ದನ್ನು ಒಪ್ಪುವುದಿಲ್ಲ. ಥರ್ಮಲ್ ಕಾಗದದ ಬಿಲ್ಲಿನ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ, ಸಿಕ್ಕಿದ ದಿನವೇ ಜೆರಾಕ್ಸ್ ಮಾಡಿಸಿಡಿ. ಟ್ರಸ್ಟ್ ಸೂಚನೆ ಕಳುಹಿಸುವುದು ಅರ್ಜಿಯಲ್ಲಿ ಕೊಟ್ಟ ನಂಬರಿಗೆ. ಸಿಮ್ ಬದಲಾಯಿಸಿ ತಿಳಿಸದೆ ಇದ್ದರೆ, ಸೂಚನೆ ತಲುಪಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಷರತ್ತು 9: ರದ್ದತಿ ಮತ್ತು ಮರುಪಾವತಿ

ಸುಳ್ಳು ಮಾಹಿತಿ ಕೊಟ್ಟರೆ ಅಥವಾ ಮಾಹಿತಿ ಮುಚ್ಚಿಟ್ಟರೆ ವಿದ್ಯಾರ್ಥಿವೇತನ ರದ್ದಾಗುತ್ತದೆ, ಅಲ್ಲಿಯವರೆಗೆ ಪಡೆದ ಪೂರ್ತಿ ಹಣವನ್ನು 60 ದಿನದೊಳಗೆ ಹಿಂದಿರುಗಿಸಬೇಕು. ವರ್ಷದ ನಡುವೆ ಓದು ಬಿಟ್ಟರೆ ಆ ವರ್ಷದ ಖರ್ಚಾಗದ ಹಣ ಮಾತ್ರ ಹಿಂದಿರುಗಿಸಬೇಕು. ಅಂಕ ಅಥವಾ ಹಾಜರಾತಿ ಕಡಿಮೆಯಾಗಿ ನವೀಕರಣ ಆಗದಿದ್ದರೆ ಹಿಂದೆ ಪಡೆದ ಹಣ ವಾಪಸು ಕೊಡಬೇಕಾಗಿಲ್ಲ.

ವಿವರಣೆ: ಕೊನೆಯ ವಾಕ್ಯ ಗಮನಿಸಿ. ಇದು ಸಾಲವಲ್ಲ. ಮಗಳು ಒಂದು ವರ್ಷ ಸೋತರೆ ಮನೆಯ ಮೇಲೆ ಬಾಕಿ ಬೀಳುವುದಿಲ್ಲ.

ಷರತ್ತು 10: ಮೇಲ್ಮನವಿ

ನವೀಕರಣ ನಿರಾಕರಿಸಿದರೆ ಅಥವಾ ರದ್ದು ಮಾಡಿದರೆ, ಆದೇಶ ತಲುಪಿದ 30 ದಿನದೊಳಗೆ ಒಂದು ಬಾರಿ ಬರಹದಲ್ಲಿ ಮೇಲ್ಮನವಿ ಸಲ್ಲಿಸಬಹುದು. ಅದರ ಮೇಲಿನ ತೀರ್ಮಾನ ಅಂತಿಮ.

ಸಹಿ ಮಾಡುವ ಬಗೆ

ಇಂಗ್ಲಿಷ್ ಪತ್ರದ ಎರಡು ಪ್ರತಿ ಬಂದಿವೆ. ಎರಡರ ಪ್ರತಿ ಪುಟದ ಕೆಳಗೂ ಮಗಳ ಸಹಿ, ಕೊನೆಯ ಪುಟದಲ್ಲಿ ಅವಳದೂ ತಂದೆ ಅಥವಾ ತಾಯಿಯದೂ. ಕನ್ನಡದಲ್ಲಿ ಸಹಿ ಮಾಡಬಹುದು. ಹೆಬ್ಬೆಟ್ಟು ಒತ್ತುವುದಾದರೆ ಪಕ್ಕದಲ್ಲಿ ಒಬ್ಬ ಸಾಕ್ಷಿಯ ಹೆಸರು, ಸಹಿ, ವಿಳಾಸ ಇರಲಿ. ಒಂದು ಪ್ರತಿಯನ್ನು 2025ರ ನವೆಂಬರ್ 15ರೊಳಗೆ ಕಾಲೇಜಿನ ವಿದ್ಯಾರ್ಥಿವೇತನ ವಿಭಾಗಕ್ಕೆ ಕೊಟ್ಟು, ತಾರೀಕು ಹಾಕಿದ ಸ್ವೀಕೃತಿ ಪಡೆಯಿರಿ. ಇನ್ನೊಂದು ಪ್ರತಿ ಮತ್ತು ಈ ಅನುವಾದ ಮನೆಯಲ್ಲಿರಲಿ. ಯಾವುದಾದರೂ ಷರತ್ತು ಅರ್ಥವಾಗದಿದ್ದರೆ ಸಹಿಗೆ ಮೊದಲು ಬನ್ನಿ. ಕೆಲಸದ ದಿನಗಳಲ್ಲಿ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ವಿಭಾಗ ತೆರೆದಿರುತ್ತದೆ, ಕೂತು ಓದಿ ಹೇಳುತ್ತೇವೆ.