ಹದಮಳೆ ಸೋಪು: ಬಾನುಲಿ ಜಾಹೀರಾತಿನ ಸ್ಕ್ರಿಪ್ಟ್

ಪೂರ್ಣ ರೂಪ: ಸುಮಾರು 7 ನಿಮಿಷ, ಸಂಜೆಯ ಕಾರ್ಯಕ್ರಮದ ನಡುವೆ.
ಕಿರು ರೂಪ: 30 ಸೆಕೆಂಡ್, ಬೆಳಿಗ್ಗೆ.
ದನಿಗಳು: ಅಮ್ಮ (ಸೋಪು ಮಾಡುವವರೇ ಮಾತಾಡುತ್ತಾರೆ), ಮಗಳು, ಅಜ್ಜಿ, ನಿರೂಪಕಿ.

ಧ್ವನಿಮುದ್ರಣ ಮಾಡುವವರಿಗೆ: ಗುಡುಗು, ಸಿಡಿಲು ಬೇಡ. ತಗಡಿನ ಮೇಲೆ ಬೀಳುವ ನಿಜವಾದ ಮಳೆಯನ್ನೇ ಹಿಡಿದಿಟ್ಟಿದ್ದೇವೆ, ಅದನ್ನೇ ಬಳಸಿ. ಅಮ್ಮನ ಮಾತಿನ ಕೆಳಗೆ ಸಂಗೀತ ಹಾಕಬೇಡಿ, ಮಳೆ ಸಾಕು. ಅವರು ಓದುತ್ತಿರುವಂತೆ ಕೇಳಬಾರದು. ತಡವರಿಸಿದರೂ ಕತ್ತರಿಸಬೇಡಿ.

ಪೂರ್ಣ ರೂಪ

(ಶಬ್ದ: ತಗಡಿನ ಮೇಲೆ ಒಂದು ಹನಿ. ನಿಶ್ಶಬ್ದ. ಇನ್ನೊಂದು. ಆಮೇಲೆ ಬಿರುಸು. ಓಡಿ ಬರುವ ಹೆಜ್ಜೆ, ಬಾಗಿಲು ದಡಕ್ಕನೆ ತೆರೆದ ಸದ್ದು.)

ಮಗಳು: ಅಮ್ಮಾ, ಬಂತು! ಮಳೆ ಬಂತು!

ಅಮ್ಮ: ಅಲ್ಲೇ ನಿಲ್ಲು ಪುಟ್ಟಿ, ಕೆಸರು ಕಾಲಲ್ಲಿ ಒಳಗೆ ಬರಬೇಡ. ಕೊಡೆ ಎಲ್ಲಿ?

ಮಗಳು: ಬ್ಯಾಗಲ್ಲೇ ಇದೆ.

ಅಜ್ಜಿ: ಮೊದಲ ಮಳೆಗೆ ಯಾರಾದರೂ ಕೊಡೆ ಬಿಡಿಸ್ತಾರೇನೇ? ಬಿಡು, ನೆನೀಲಿ.

ಮಗಳು: ಅಮ್ಮ, ಈಗಲಾದ್ರೂ ತೆಗೀಬಹುದಾ? ಕಪಾಟಿನ ಮೇಲಿರೋ ಸೋಪು?

ಅಮ್ಮ: ಎಷ್ಟು ದಿನ ಆಯ್ತು? ಲೆಕ್ಕ ಹೇಳು ನೋಡೋಣ.

ಮಗಳು: 42! ಕ್ಯಾಲೆಂಡರಲ್ಲಿ ದಿನಾ ಗೀಟು ಹಾಕಿದೀನಿ.

ಅಮ್ಮ: ಹಾಗಾದ್ರೆ ಹದ ಬಂದಿದೆ. ತಗೋ.

(ಶಬ್ದ: ಕಾಗದ ಬಿಚ್ಚುವ ಸರಸರ. ಮಗಳು ಮೂಗಿಗೆ ಹಿಡಿದು ಉಸಿರೆಳೆದುಕೊಳ್ಳುತ್ತಾಳೆ.)

ಮಗಳು: ಅಜ್ಜಿ, ಮೂಸಿ ನೋಡಿ. ಹೊರಗಿರೋ ವಾಸನೇನೇ ಇದರಲ್ಲೂ ಇದೆ!

(ಮಳೆ ಸ್ವಲ್ಪ ಮೆಲ್ಲಗಾಗುತ್ತದೆ.)

ನಿರೂಪಕಿ: ಹದಮಳೆ. ಮುಂಗಾರಿಗೆಂದೇ ಮನೆಯಲ್ಲಿ, ಒಬ್ಬರ ಕೈಯಲ್ಲಿ ತಯಾರಾದ ಮೈಸೋಪು. ತಯಾರಿಸಿದವರು ಇಲ್ಲೇ ನಮ್ಮ ಜೊತೆಗಿದ್ದಾರೆ. ಅವರ ಮಾತಲ್ಲೇ ಕೇಳಿ.

ಅಮ್ಮ: ನಮಸ್ಕಾರ. ಈ ಸೋಪನ್ನ ನಾನು ಮಳೆಗಾಲದಲ್ಲಿ ಮಾಡಿದ್ದಲ್ಲ, ಬೇಸಿಗೆಯಲ್ಲಿ ಮಾಡಿದ್ದು. ಅದನ್ನ ಮೊದಲೇ ಹೇಳಿಬಿಡ್ತೀನಿ. ಸೋಪು ಮಾಡಿದ ದಿನವೇ ಮೈಗೆ ಹಚ್ಚೋ ಹಾಗಿರಲ್ಲ. ಎಣ್ಣೆಗೆ ಕಾಸ್ಟಿಕ್ ಸೋಡಾ ನೀರು ಬೆರೆಸಿ, ಗಂಜಿಯ ಹಾಗೆ ಗಟ್ಟಿಯಾಗೋವರೆಗೆ ಕಲಸಿ, ಅಚ್ಚಿಗೆ ಹೊಯ್ದು, ಮಾರನೇ ದಿನ ಕತ್ತರಿಸ್ತೀನಿ. ಆಮೇಲೆ ಗಾಳಿ ಆಡೋ ಕಡೆ 6 ವಾರ ಒಣಗಬೇಕು. ಕತ್ತರಿಸಿದ ದಿನ 115 ಗ್ರಾಂ ತೂಗೋ ತುಂಡು, ಕೊನೆಗೆ 100 ಗ್ರಾಂ ಆಸುಪಾಸಿಗೆ ಇಳಿಯುತ್ತೆ. ಹೋದದ್ದು ನೀರು. ನೀರು ಹೋದಷ್ಟೂ ಸೋಪು ಗಟ್ಟಿ. ಬಚ್ಚಲಲ್ಲಿ ಬೇಗ ಕರಗಲ್ಲ.

ಗಾಳಿಯಲ್ಲಿ ತೇವ ತುಂಬಿಕೊಂಡಾಗ ಈ ಒಣಗೋ ಕೆಲಸ ಸರಿಯಾಗಿ ಆಗಲ್ಲ. ಅದಕ್ಕೇ ಬಿಸಿಲು ಸುಡ್ತಿದ್ದಾಗ ಮಳೆಯ ಸೋಪು ಮಾಡಿಟ್ಟೆ. ಬಿತ್ತನೆಗೆ ಸರಿಯಾಗಿ ಬೀಳೋದಕ್ಕೆ ಹದಮಳೆ ಅಂತೀವಲ್ಲ, ಹಾಗೇ ಸೋಪಿಗೂ ಒಂದು ಹದ ಇದೆ. ಆ ಹೆಸರನ್ನೇ ಇಟ್ಟೆ.

ನಿರೂಪಕಿ: ಮಳೆಯ ವಾಸನೆಯನ್ನ ಸೋಪಿಗೆ ತರೋದು ಹೇಗೆ?

ಅಮ್ಮ: (ಉತ್ಸಾಹದಿಂದ) ಇದರ ಹಿಂದೆ ನಾನು ತುಂಬಾ ದಿನ ಬಿದ್ದಿದ್ದೆ. ಒಣಗಿದ ಮಣ್ಣಿನ ಮೇಲೆ ಮಳೆ ಬಿದ್ದಾಗ ಬರೋ ಆ ಪರಿಮಳಕ್ಕೆ ಪೆಟ್ರಿಕೋರ್ ಅಂತ ಹೆಸರು. 1964ರಲ್ಲಿ ಇಸಬೆಲ್ ಜಾಯ್ ಬೇರ್, ರಿಚರ್ಡ್ ಥಾಮಸ್ ಅನ್ನೋ ಇಬ್ಬರು ವಿಜ್ಞಾನಿಗಳು ಇಟ್ಟ ಹೆಸರು ಅದು. ಗಿಡಗಳಿಂದ ಬಂದು ಬೇಸಿಗೆಯಿಡೀ ಕಲ್ಲು ಮಣ್ಣಲ್ಲಿ ಸೇರಿಕೊಂಡ ಎಣ್ಣೆ ಅಂಶ ಒಂದು, ಮಣ್ಣಲ್ಲಿರೋ ಸೂಕ್ಷ್ಮಜೀವಿಗಳು ಮಾಡೋ ಜಿಯೋಸ್ಮಿನ್ ಅನ್ನೋ ವಸ್ತು ಇನ್ನೊಂದು. ಹನಿ ನೆಲಕ್ಕೆ ಬಡಿದಾಗ ಇವೆರಡೂ ಗಾಳಿಗೆ ಹಾರುತ್ತವೆ. ಜಿಯೋಸ್ಮಿನ್ ಅಂತೂ ಕಣದಷ್ಟಿದ್ದರೂ ನಮ್ಮ ಮೂಗಿಗೆ ಗೊತ್ತಾಗಿಬಿಡುತ್ತೆ.

ಆ ಮಣ್ಣಿನ ವಾಸನೆಗೆ ಹತ್ತಿರ ಬರೋದು ಲಾವಂಚದ ಬೇರು. ಅದೂ ಮಣ್ಣೊಳಗೇ ಬೆಳೆದದ್ದು ನೋಡಿ. ಮೊದಲ ಸಲ ಹೂವಿನ ಸುವಾಸನೆ, ಕಿತ್ತಳೆ ಸಿಪ್ಪೆಯ ಎಣ್ಣೆ ಎಲ್ಲ ಹಾಕಿ ನೋಡಿದ್ದೆ. ಒಣಗೋ ಹೊತ್ತಿಗೆ ಅರ್ಧ ಹಾರಿಹೋಗಿತ್ತು. ಲಾವಂಚದ ಎಣ್ಣೆ ಭಾರ, ನಿಧಾನವಾಗಿ ಹೊರಬರುತ್ತೆ, ಸೋಪು ಸಣ್ಣ ಚೂರಾಗೋವರೆಗೂ ಜೊತೆಗಿರುತ್ತೆ. ಅದರ ಜೊತೆ ಒಂದಿಷ್ಟು ನಿಂಬೆಹುಲ್ಲಿನ ಎಣ್ಣೆ. ಮಳೆ ನಿಂತ ಮೇಲೆ ಹಸಿರಿಂದ ಒಂದು ತಾಜಾ ಗಾಳಿ ಬರುತ್ತಲ್ಲ, ಅದಕ್ಕೋಸ್ಕರ. ಬಣ್ಣ ಹಾಕಿಲ್ಲ. ನಸುಗೆಂಪು ಕಾಣೋದು ಶುದ್ಧ ಮಾಡಿದ ಕೆಮ್ಮಣ್ಣಿನದು, ತೀರಾ ನುಣುಪಾಗಿ ಜರಡಿ ಹಿಡಿದದ್ದು.

(ಶಬ್ದ: ಸೋಪಿನ ಗಟ್ಟಿಯನ್ನು ತಂತಿಯಿಂದ ಕತ್ತರಿಸುವ ಮೃದು ಸದ್ದು. ಒಂದು. ಎರಡು. ಮೂರು.)

ನಿರೂಪಕಿ: ಕಾಸ್ಟಿಕ್ ಸೋಡಾ ಅಂದಿರಿ. ಕೇಳಿದವರಿಗೆ ಭಯ ಆಗಲ್ವಾ?

ಅಮ್ಮ: ಆಗುತ್ತೆ, ನನಗೂ ಆಗಿತ್ತು. ಕಾಸ್ಟಿಕ್ ಇಲ್ಲದೆ ಗಟ್ಟಿ ಸೋಪು ಆಗೋದೇ ಇಲ್ಲ. ಅದು ಎಣ್ಣೆಯ ಜೊತೆ ಸೇರಿ ಸೋಪು ಮತ್ತೆ ಗ್ಲಿಸರಿನ್ ಆಗಿ ಬದಲಾಗುತ್ತೆ. ಅಳತೆ ಸರಿಯಿದ್ದರೆ ಕೊನೆಗೆ ಕಾಸ್ಟಿಕ್ ಉಳಿಯಲ್ಲ. ನಾನು ಗ್ರಾಂ ಲೆಕ್ಕದಲ್ಲಿ ತೂಗಿ, ಎಲ್ಲ ಎಣ್ಣೆಗೂ ಬೇಕಾಗೋದಕ್ಕಿಂತ ಶೇಕಡಾ 5ರಷ್ಟು ಕಡಿಮೆಯೇ ಹಾಕ್ತೀನಿ. ಹಾಗಾಗಿ ಒಂದಿಷ್ಟು ಎಣ್ಣೆ ಎಣ್ಣೆಯಾಗಿಯೇ ಉಳಿದು ಮೈಗೆ ಸಿಗುತ್ತೆ. ಒಣಗಿದ ಮೇಲೆ ಪ್ರತಿ ಅಚ್ಚಿನ ಒಂದು ತುಂಡನ್ನ ಪರೀಕ್ಷಾ ಕಾಗದದಲ್ಲಿ ನೋಡಿ, ಮೊದಲು ನನ್ನ ಕೈಗೇ ಹಚ್ಚಿಕೊಳ್ತೀನಿ. ಸೋಪು ಕಲಸೋವಾಗ ಮಗು ಆ ಕೋಣೆಗೆ ಬರೋ ಹಾಗಿಲ್ಲ. ಬಾಗಿಲು ಹಾಕಿ, ಕೈಗವಸು, ಕನ್ನಡಕ ಹಾಕಿಕೊಂಡೇ ಕೂರ್ತೀನಿ.

ಅಜ್ಜಿ: (ದೂರದಿಂದ) ಎಣ್ಣೆ ಯಾವುದು ಅಂತ ಹೇಳೇ!

ಅಮ್ಮ: ಹಾಂ, ಹೇಳ್ತೀನಮ್ಮ. ಕೊಬ್ಬರಿ ಎಣ್ಣೆ, ಅಕ್ಕಿ ತವುಡಿನ ಎಣ್ಣೆ, ಹರಳೆಣ್ಣೆ. ಕೊಬ್ಬರಿ ಎಣ್ಣೆ ಹೆಚ್ಚು ನೊರೆ ಕೊಡುತ್ತೆ, ಕೆಸರು ಬಿಡಿಸುತ್ತೆ. ಅದೊಂದೇ ಆದರೆ ಚರ್ಮ ಬಿಗಿಯುತ್ತೆ. ತವುಡಿನ ಎಣ್ಣೆ ಅದನ್ನ ಮೆತ್ತಗೆ ಮಾಡುತ್ತೆ. ಹರಳೆಣ್ಣೆ ಸ್ವಲ್ಪವೇ, ನೊರೆ ಬೇಗ ಒಡೆಯದ ಹಾಗೆ.

ನಿರೂಪಕಿ: ಮಳೆಗಾಲದಲ್ಲಿ ಕಾಲ್ಬೆರಳ ಸಂದಿ ಕೆರೆತ, ಚಿಬ್ಬಿನ ಕಲೆ, ಇದಕ್ಕೆಲ್ಲ ಒಳ್ಳೇದಾ?

ಅಮ್ಮ: ಇಲ್ಲ. ಇದು ಔಷಧಿ ಅಲ್ಲ, ಹಾಗಂತ ನಾನು ಯಾರಿಗೂ ಹೇಳಲ್ಲ. ಮಳೆಯಲ್ಲಿ ನೆಂದು ಬಂದ ಮೇಲೆ ತೊಳೆದು, ಬೆರಳ ಸಂದಿ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿಕೊಳ್ಳಿ. ಅರ್ಧ ತೊಂದರೆ ಅಲ್ಲೇ ತಪ್ಪುತ್ತೆ. ಕೆರೆತ ಶುರುವಾಗಿದ್ದರೆ ಡಾಕ್ಟರ ಹತ್ತಿರ ಹೋಗಿ. ಸುವಾಸನೆಯ ಎಣ್ಣೆ ಕೆಲವರ ಚರ್ಮಕ್ಕೆ ಆಗಿಬರಲ್ಲ. ಹಾಗಾಗಿ ಮೊದಲ ದಿನ ಮೊಣಕೈ ಒಳಭಾಗಕ್ಕೆ ಮಾತ್ರ ಹಚ್ಚಿ, ಒಂದು ದಿನ ಬಿಟ್ಟು ನೋಡಿ. ಎಳೆಮಕ್ಕಳಿಗೆ ಬೇಡ.

ಇನ್ನೊಂದು ವಿಷಯ, ಮಳೆಗಾಲದಲ್ಲಿ ಕೈಯಲ್ಲಿ ಮಾಡಿದ ಸೋಪು ಬೆವರುತ್ತೆ. ಮೇಲೆ ಸಣ್ಣ ಸಣ್ಣ ಹನಿ ಕಾಣುತ್ತೆ. ಕೆಟ್ಟಿದೆ ಅಂದುಕೊಳ್ಳಬೇಡಿ. ಒಳಗಿರೋ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತಿದೆ ಅಷ್ಟೇ. ನೀರು ಸೋರಿಹೋಗೋ ತಟ್ಟೆಯಲ್ಲಿಡಿ, ಬೇಕಾದರೆ ಅರ್ಧ ಮಾಡಿಕೊಂಡು ಒಂದೊಂದೇ ಬಳಸಿ, ಉಳಿದರ್ಧ ಬಟ್ಟೆಗಳ ಮಧ್ಯೆ ಇಟ್ಟುಬಿಡಿ. ಬಿಸಿಲಿಲ್ಲದೆ ಒಣಗಿದ ಬಟ್ಟೆಯ ಮುಗ್ಗಲು ವಾಸನೆಗಿಂತ ಲಾವಂಚ ಎಷ್ಟೋ ಮೇಲು.

(ಶಬ್ದ: ಬಚ್ಚಲಲ್ಲಿ ತಂಬಿಗೆಯಿಂದ ನೀರು ಹೊಯ್ದುಕೊಳ್ಳುವ ಸದ್ದು. ಮಗಳ ಹಾಡು ದೂರದಿಂದ, ಆಮೇಲೆ ಹತ್ತಿರ.)

ಮಗಳು: (ಹಾಡುತ್ತಾ)
ಹನಿ ಹನಿ ಬಿದ್ದರೆ ಮಣ್ಣಿಗೆ ಹದ,
ದಿನ ದಿನ ಕಾದರೆ ಸೋಪಿಗೆ ಹದ.
ತೊಳೆಯಿತು ಕೆಸರು, ಉಳಿಯಿತು ಗಂಧ,
ಹದಮಳೆ ನೊರೆಯದು ಎಂಥಾ ಚೆಂದ!

ಅಜ್ಜಿ: ಸಾಕು ಬಾರೇ, ನೀರು ಖಾಲಿಯಾಯ್ತು!

ನಿರೂಪಕಿ: ಎಷ್ಟು ಸೋಪು ತಯಾರಿದೆ?

ಅಮ್ಮ: ಒಂದು ಅಚ್ಚಿಗೆ 24 ತುಂಡು. 6 ಅಚ್ಚು ಹೊಯ್ದಿದ್ದೆ, ಒಟ್ಟು 144. ಪರೀಕ್ಷೆಗೆ ಅಂತ ಅಚ್ಚಿಗೊಂದರಂತೆ 6 ತೆಗೆದಿಟ್ಟರೆ 138 ಉಳೀತು. ಮನೆಗೆ ಎರಡೇ ಕೊಡ್ತೀನಿ. ಹೆಚ್ಚು ಮನೆಗೆ ತಲುಪಲಿ ಅನ್ನೋ ಆಸೆ. ಮುಗಿದ ಮೇಲೆ ಆತುರಪಟ್ಟು ಹಸಿ ಸೋಪು ಕೊಡಲ್ಲ. ಈಗ ಹೊಯ್ದರೂ ಈ ತೇವದಲ್ಲಿ 8 ವಾರವಾದರೂ ಬೇಕು, ಅಷ್ಟು ದಿನ ಕಾಯೋರಿದ್ದರೆ ಹೆಸರು ಬರೆದುಕೊಳ್ತೀನಿ.

ನಿರೂಪಕಿ: ಹದಮಳೆ ಬೇಕಾದವರು ನಮ್ಮ ನಿಲಯಕ್ಕೆ ಕರೆ ಮಾಡಿ ಹೆಸರು ಬರೆಸಿ. ಒಂದೋ, ಎರಡೋ ಅಷ್ಟೇ ಹೇಳಿ. ಹಣ ಈಗ ಬೇಡ, ಸೋಪು ಕೈಗೆ ಬಂದ ಮೇಲೆ ಕೊಟ್ಟರಾಯಿತು. ಹಾಕಿದ ಪದಾರ್ಥ, ತಯಾರಿಸಿದ ದಿನ, ಅಚ್ಚಿನ ಸಂಖ್ಯೆ ಸುತ್ತಿದ ಕಾಗದದ ಮೇಲೇ ಇದೆ.

ಅಮ್ಮ: ಬಳಸಿ ನೋಡಿ ಹೇಗಿತ್ತು ಅಂತ ತಿಳಿಸಿ. ಹಿಡಿಸಲಿಲ್ಲ ಅಂದರೆ ಅದನ್ನೂ ತಿಳಿಸಿ, ನಾನೇ ಓದ್ತೀನಿ.

(ಮಳೆಯ ಸದ್ದು ಏರಿ, ಮೆಲ್ಲಗೆ ಇಳಿಯುತ್ತದೆ.)

ಕಿರು ರೂಪ

(ಶಬ್ದ: ತಗಡಿನ ಮೇಲೆ ಮಳೆ, 3 ಸೆಕೆಂಡ್.)

ಮಗಳು: ಅಮ್ಮ, 42 ದಿನ ಆಯ್ತು! ಮಳೇನೂ ಬಂತು!

ಅಮ್ಮ: ಹಾಗಾದ್ರೆ ಸೋಪು ತೆಗಿ ಪುಟ್ಟಿ.

ನಿರೂಪಕಿ: ಹದಮಳೆ. ಕೊಬ್ಬರಿ ಎಣ್ಣೆ, ತವುಡಿನ ಎಣ್ಣೆ, ಹರಳೆಣ್ಣೆಯಲ್ಲಿ ಮನೆಯಲ್ಲೇ ಮಾಡಿ, ಬೇಸಿಗೆಯಲ್ಲಿ 6 ವಾರ ಒಣಗಿಸಿದ ಮುಂಗಾರಿನ ಸೋಪು. ಲಾವಂಚದ ಮಣ್ಣಿನ ಕಂಪು, ನಿಂಬೆಹುಲ್ಲಿನ ತಾಜಾತನ. 138 ತುಂಡು, ಮನೆಗೆ ಎರಡು. ನಮ್ಮ ನಿಲಯಕ್ಕೆ ಕರೆ ಮಾಡಿ, ಹೆಸರು ಬರೆಸಿ.

ಅಜ್ಜಿ: ನನಗೊಂದು ಎತ್ತಿಡ್ರೇ!

(ಮಳೆ.)