ಭಾರ ಎಂದರೆ ಎಷ್ಟು ಕಿಲೋ, ಡಾಕ್ಟರೇ?

ಸಾಗರ ತಾಲ್ಲೂಕು
8 ಡಿಸೆಂಬರ್ 2024

ಮಾನ್ಯ ಡಾಕ್ಟರ್ ಅವರಿಗೆ ಅಡುಗೆ ಗಣಪತಿಯ ನಮಸ್ಕಾರಗಳು.

ವಿಷಯ: ಇದೇ 18ರಂದು ನಿಗದಿಯಾಗಿರುವ ನನ್ನ ಬಲಗಡೆಯ ಹರ್ನಿಯಾ ಆಪರೇಷನ್, ಆಮೇಲಿನ ಚೇತರಿಕೆ, ಭಾರ ಎತ್ತುವುದು ಮತ್ತು ಕೆಲಸಕ್ಕೆ ಮರಳುವುದರ ಬಗ್ಗೆ.

ಕಳೆದ ಮಂಗಳವಾರ ನಿಮ್ಮಲ್ಲಿ ತೋರಿಸಿಕೊಂಡು ಹೋದವನು ನಾನು. ನೀವು ನಿಲ್ಲಿಸಿ, ಕೆಮ್ಮಿಸಿ, ಮಲಗಿಸಿ ನೋಡಿ, ಇದು ತೊಡೆಸಂದಿನ ಹರ್ನಿಯಾ, ಮೆಶ್ ಹಾಕಿ ಸರಿಮಾಡಬೇಕು ಎಂದಿರಿ. ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದಿರಿ. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು, ಬಾಯಿಗೆ ಬಂದದ್ದನ್ನು ನುಂಗಿಕೊಂಡು ಎದ್ದುಬಂದೆ. ಬಸ್ಸು ಆನಂದಪುರ ದಾಟುವಷ್ಟರಲ್ಲಿ ಕೇಳಬೇಕಾಗಿದ್ದದ್ದೆಲ್ಲ ಒಂದೊಂದಾಗಿ ನೆನಪಾಯಿತು. ನಾಳೆ ಅಳಿಯ ಶಿವಮೊಗ್ಗಕ್ಕೆ ಬರುವವನಿದ್ದಾನೆ. ಅವನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

‘ಒಂದಷ್ಟು ದಿನ ಭಾರ ಎತ್ತಬೇಡಿ’ ಎಂದಿರಿ. ತಪ್ಪು ತಿಳಿಯಬೇಡಿ, ನನಗೆ ಸಿಕ್ಕಿಹಾಕಿಕೊಂಡದ್ದು ಈ ಮಾತೇ. ನಾನು 32 ವರ್ಷಗಳಿಂದ ಮದುವೆ, ಮುಂಜಿ, ಶ್ರಾದ್ಧಗಳ ಅಡುಗೆ ಮಾಡುತ್ತಿದ್ದೇನೆ. ಹೊಸ ಹುಡುಗ ಬಂದು ಸಾಂಬಾರಿಗೆ ಉಪ್ಪೆಷ್ಟು ಎಂದು ಕೇಳಿದರೆ ‘ರುಚಿಗೆ ತಕ್ಕಷ್ಟು’ ಎಂದು ನಾನು ಹೇಳುವುದಿಲ್ಲ. ರುಚಿಗೆ ತಕ್ಕಷ್ಟು ಎಷ್ಟೆಂದು ಗೊತ್ತಿದ್ದರೆ ಅವನು ಕೇಳುತ್ತಲೇ ಇರಲಿಲ್ಲ. ಇಷ್ಟು ಎಲೆಗೆ ಇಷ್ಟು ಎಂದು ತೂಗಿ ಕೊಡುತ್ತೇನೆ. ನನಗೂ ನೀವು ಹಾಗೆ ತೂಗಿ ಹೇಳಬೇಕು. ಏಕೆಂದರೆ ನನ್ನ ಕಣ್ಣಿಗೆ 25 ಕಿಲೋ ಅಕ್ಕಿಯ ಚೀಲ ಭಾರವೇ ಅಲ್ಲ. ಅದು ಹೆಗಲಿಗೆ ಬಂದದ್ದೂ ನನಗೆ ಗೊತ್ತಾಗುವುದಿಲ್ಲ.

ನಾನು ಎತ್ತುವುದು ಏನೇನು ಎಂದು ಬರೆಯುತ್ತೇನೆ. ತುಂಬಿದ ನೀರಿನ ಕೊಡ, ಸುಮಾರು 12 ಕಿಲೋ. ಎಣ್ಣೆಯ ಡಬ್ಬ, 15 ಕಿಲೋ. ಅಕ್ಕಿ ಚೀಲ ಹೇಳಿದೆ. ಛತ್ರಕ್ಕೆ ಬರುವ ದೊಡ್ಡ ಸಿಲಿಂಡರಿನಲ್ಲಿ ಗ್ಯಾಸೇ 19 ಕಿಲೋ, ಕಬ್ಬಿಣ ಸೇರಿದರೆ 35 ದಾಟುತ್ತದೆ. ಅದನ್ನು ಎತ್ತುವುದಕ್ಕಿಂತ ಓರೆ ಮಾಡಿ ಉರುಳಿಸುವುದೇ ಹೆಚ್ಚು. ಎಲ್ಲಕ್ಕಿಂತ ಕಷ್ಟದ್ದು ಕೊಪ್ಪರಿಗೆ. 300 ಎಲೆಯ ಸಾಂಬಾರು ತುಂಬಿದ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸುವಾಗ ಇಬ್ಬರು ಎದುರುಬದುರು ನಿಂತು, ಕಿವಿಗೆ ಒದ್ದೆ ಬಟ್ಟೆ ಸುತ್ತಿ ಹಿಡಿಯುತ್ತೇವೆ. ಒಬ್ಬೊಬ್ಬನ ಪಾಲಿಗೆ 35-40 ಕಿಲೋ ಬರುತ್ತದೆ. ಭಾರ ಮಾತ್ರವಲ್ಲ, ಅದು ಕುದಿಯುತ್ತಿರುತ್ತದೆ. ಮೈಗೆ ತಾಗಬಾರದೆಂದು ಕೈ ಚಾಚಿ, ಸೊಂಟ ಹಿಂದಕ್ಕೆ ಮಾಡಿ, ನೆಲ ಮುಟ್ಟುವ ತನಕ ಉಸಿರು ಬಿಗಿಹಿಡಿದಿರುತ್ತೇವೆ. ಉಸಿರು ಬಿಟ್ಟರೆ ಕೈ ಸಡಿಲವಾಗುತ್ತದೆ ಎಂದು ನನ್ನ ಗುರುಗಳು ಹೇಳಿಕೊಟ್ಟದ್ದು. ಹಾಗೆ ಉಸಿರು ಕಟ್ಟಿ ಎತ್ತುವುದರಿಂದಲೇ ಹೊಟ್ಟೆಯೊಳಗಿನ ಒತ್ತಡ ಏರುವುದು ಎಂದು ನೀವು ಚಿತ್ರ ಬರೆಯುವಾಗ ಹೇಳಿದಿರಲ್ಲ, ಅಂದೇ ನನಗೆ ಹೊಳೆಯಿತು. ಕಳೆದ ವೈಶಾಖದಲ್ಲಿ ಪಾಯಸದ ಕೊಪ್ಪರಿಗೆ ಇಳಿಸುವಾಗಲೇ ತೊಡೆಸಂದಿನಲ್ಲಿ ಏನೋ ಜಗ್ಗಿದಂತಾಗಿತ್ತು. ಆ ರಾತ್ರಿ ಸ್ನಾನ ಮಾಡುವಾಗ ನಿಂಬೆಹಣ್ಣಿನಷ್ಟು ಗಂಟು ಕೈಗೆ ಸಿಕ್ಕಿತು.

ಆದ್ದರಿಂದ ಕೇಳುತ್ತೇನೆ: ಮೊದಲ ವಾರ ಎಷ್ಟು ಕಿಲೋ, ಎರಡನೆಯ ವಾರ ಎಷ್ಟು, ನಾಲ್ಕನೆಯ ವಾರ ಎಷ್ಟು? ನೀರಿನ ಕೊಡ ಯಾವಾಗ, ಎಣ್ಣೆ ಡಬ್ಬ ಯಾವಾಗ? ಕೊಪ್ಪರಿಗೆ ಎಂದಾದರೂ ಉಂಟೋ, ಇಲ್ಲ ಇನ್ನು ಜನ್ಮದಲ್ಲಿ ಮುಟ್ಟಬಾರದೋ? ಮುಟ್ಟಬಾರದು ಎಂದಾದರೆ ಈಗಲೇ ಹೇಳಿಬಿಡಿ. ಆ ಕೆಲಸಕ್ಕೆ ಇನ್ನೊಬ್ಬನನ್ನು ಇಟ್ಟುಕೊಳ್ಳುತ್ತೇನೆ, ಬೇಸರವಿಲ್ಲ.

ಎತ್ತುವುದಲ್ಲದ ಇನ್ನೊಂದು ಕೆಲಸವಿದೆ, ಅದು ಯಾವ ಲೆಕ್ಕಕ್ಕೆ ಬರುತ್ತದೋ ತಿಳಿಯದು. ಕಾಶಿ ಹಲ್ವ ತೊಳಸುವುದು. ಬೂದುಗುಂಬಳದ ತುರಿ ಸಕ್ಕರೆಯಲ್ಲಿ ಬೆಂದು ಗಟ್ಟಿಯಾಗುತ್ತ ಬಂದಂತೆ ಸಟ್ಟುಗ ಮುಂದಕ್ಕೆ ಹೋಗಲೊಲ್ಲದು. ಎರಡು ಕೈಯಲ್ಲಿ ಹಿಡಿದು ಸೊಂಟದಿಂದ ತಿರುವಬೇಕು. ಅರ್ಧ ಗಂಟೆ, ಮುಕ್ಕಾಲು ಗಂಟೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ತಳ ಹಿಡಿಯುತ್ತದೆ. ಅಲ್ಲಿ ಒಂದು ಕಿಲೋವನ್ನೂ ಎತ್ತುವುದಿಲ್ಲ, ಆದರೂ ಹೊಟ್ಟೆಯ ಕೆಳಗೆ ಬಿಗಿಯುತ್ತದೆ. ಇದಕ್ಕೆ ಎಷ್ಟು ದಿನ ತಡೆಯಬೇಕು?

ದಿನದ ಲೆಕ್ಕ ಏಕೆ ಇಷ್ಟು ಕೇಳುತ್ತೇನೆಂದರೆ, 18ನ್ನು ನಾನೇ ಆರಿಸಿದ್ದು ಧನುರ್ಮಾಸ ನೋಡಿಕೊಂಡು. ಸಂಕ್ರಾಂತಿಯ ತನಕ ನಮ್ಮ ಕಡೆ ಮದುವೆಗಳಿಲ್ಲ, ಒಲೆ ತಣ್ಣಗಿರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಜನವರಿ 19ರಂದು 150 ಎಲೆಯ ಒಂದು ನಿಶ್ಚಿತಾರ್ಥ, 24ರಂದು 600 ಎಲೆಯ ಮದುವೆ ಒಪ್ಪಿಕೊಂಡಿದ್ದೇನೆ. ಆಪರೇಷನ್ ಆದ ದಿನದಿಂದ ಎಣಿಸಿದರೆ ಮದುವೆ 37ನೆಯ ದಿನಕ್ಕೆ ಬೀಳುತ್ತದೆ. ಮುಂಗಡ 20,000 ರೂಪಾಯಿ ಈಗಾಗಲೇ ಕೈಗೆ ಬಂದಿದೆ. ನಾನು ಎತ್ತದೆ, ಕುರ್ಚಿ ಹಾಕಿಕೊಂಡು ಕುಳಿತು ಹೇಳಿ ಮಾಡಿಸಬಹುದೇ? ಹಿಂದಿನ ದಿನ ಮಧ್ಯಾಹ್ನದಿಂದ ಮದುವೆಯ ಸಂಜೆಯ ತನಕ ನಡುವೆ ಮೂರು ಗಂಟೆ ನಿದ್ದೆ ಬಿಟ್ಟರೆ ನಿಂತೇ ಇರಬೇಕಾಗುತ್ತದೆ. ಅಷ್ಟು ನಿಲ್ಲುವುದಕ್ಕೆ ತಡೆಯುವುದೇ? ಆಗದು ಎಂದಾದರೆ ಹೆಣ್ಣಿನ ಮನೆಯವರಿಗೆ ಈಗಲೇ ತಿಳಿಸಿ ಬೇರೆಯವರನ್ನು ಗೊತ್ತುಮಾಡಿಕೊಡುವುದು ಮರ್ಯಾದೆ. ಕೊನೆಯ ವಾರ ಕೈಕೊಟ್ಟ ಅಡುಗೆಯವನನ್ನು ಈ ಸೀಮೆಯಲ್ಲಿ ಮತ್ತೆ ಯಾರೂ ಕರೆಯುವುದಿಲ್ಲ.

ಒಲೆಯ ಮುಂದೆ ಕುಳಿತರೂ ಒಗ್ಗರಣೆಯ ಘಾಟಿಗೆ ಸೀನು ಬಂದೇ ಬರುತ್ತದೆ. ಸೀನಿದರೆ, ಕೆಮ್ಮಿದರೆ ಮೆಶ್ ಜಾರುತ್ತದೆ ಎಂದು ನಮ್ಮೂರಿನಲ್ಲಿ ಹೆದರಿಸುವವರು ಇದ್ದಾರೆ. ಅದು ನಿಜವೇ? ಕೈಯಿಂದ ಗಾಯವನ್ನು ಒತ್ತಿ ಹಿಡಿದುಕೊಂಡು ಕೆಮ್ಮಿದರೆ ಸಾಕೇ? ಮೆಶ್ ಮೈಗೆ ಕೂಡಿಕೊಂಡು ಗಟ್ಟಿಯಾಗಲು ಎಷ್ಟು ವಾರ ಬೇಕು ಎನ್ನುವುದು ತಿಳಿದರೆ ನನಗೆ ಅರ್ಧ ಧೈರ್ಯ.

ತೆರೆದು ಮಾಡುವುದು, ರಂಧ್ರದಿಂದ ಮಾಡುವುದು ಎಂದು ಎರಡು ಬಗೆ ಹೇಳಿದಿರಿ. ಮೊದಲನೆಯದಕ್ಕೆ ಬೆನ್ನಿಗೆ ಇಂಜೆಕ್ಷನ್, ಎರಡನೆಯದಕ್ಕೆ ಪೂರ್ತಿ ಮಂಪರು ಎಂದದ್ದು ನೆನಪಿದೆ. ಯಾವುದು ಎನ್ನುವುದನ್ನು ನಿಮಗೇ ಬಿಟ್ಟಿದ್ದೇನೆ, ಸಾಂಬಾರಿಗೆ ಯಾವ ಬೇಳೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲವಲ್ಲ, ಹಾಗೆ. ಬೇಗ ಕೆಲಸಕ್ಕೆ ಇಳಿಯುವುದಕ್ಕೆ ಯಾವುದರಲ್ಲಿ ಅನುಕೂಲ ಎಂದಷ್ಟು ಹೇಳಿ. ಒಂದು ವಿಷಯ ಅಂದು ನಾಚಿಕೆಯಿಂದ ಹೇಳಲಿಲ್ಲ. ಒಂದು ವರ್ಷದಿಂದ ರಾತ್ರಿ ಎರಡು ಸಲ ಮೂತ್ರಕ್ಕೆ ಏಳುತ್ತೇನೆ, ಧಾರೆ ಸಣ್ಣಗಾಗಿದೆ, ಶುರುವಾಗಲು ಕಾಯಬೇಕಾಗುತ್ತದೆ. ಬೆನ್ನಿನ ಇಂಜೆಕ್ಷನ್ ಆದವರಿಗೆ ಮೂತ್ರ ಕಟ್ಟಿ ನಳಿಕೆ ಹಾಕಬೇಕಾದದ್ದನ್ನು ಅಣ್ಣನ ವಿಷಯದಲ್ಲಿ ಕಂಡಿದ್ದೇನೆ. ಇದನ್ನು ಮೊದಲೇ ಪರೀಕ್ಷೆ ಮಾಡಬೇಕೇ? ಮಲಬದ್ಧತೆಯೂ ಇದೆ, ಮುಕ್ಕದೆ ಆಗುವುದಿಲ್ಲ. ನಮ್ಮ ಮನೆಯಲ್ಲಿರುವುದು ಕುಕ್ಕರಗಾಲಿನಲ್ಲಿ ಕೂರುವ ಕಕ್ಕಸು. ಮೊದಲ ದಿನಗಳಿಗೆ ಕುರ್ಚಿಯಂಥದ್ದು ಏನಾದರೂ ಮಾಡಿಸಬೇಕೇ ಎಂದು ಹೇಳಿದರೆ ಆಚಾರಿಗೆ ಈಗಲೇ ಹೇಳಿಡುತ್ತೇನೆ.

ಮಾತ್ರೆಗಳು: ಬೆಳಿಗ್ಗೆ ಬಿಪಿಗೆ ಆಮ್ಲೋಡಿಪಿನ್ 5, ರಾತ್ರಿ ಆಸ್ಪಿರಿನ್ 75. ಎರಡನೆಯದನ್ನು ಮೂರು ವರ್ಷದ ಹಿಂದೆ ಎದೆ ಹಿಡಿದಂತಾದಾಗ ಬೇರೆ ಡಾಕ್ಟರು ಬರೆದದ್ದು. ನಿಲ್ಲಿಸಬೇಕೋ, ಯಾವ ದಿನದಿಂದ ಎಂದು ನೀವು ಹೇಳುವ ತನಕ ನಾನಾಗಿ ನಿಲ್ಲಿಸುವುದಿಲ್ಲ. ಸಕ್ಕರೆ ಕಾಯಿಲೆ ಇಲ್ಲ. ಬೀಡಿ ದಿನಕ್ಕೆ ಆರು ಇತ್ತು, ನಿಮ್ಮಲ್ಲಿಗೆ ಬಂದ ದಿನದಿಂದ ಬಿಟ್ಟಿದ್ದೇನೆ.

ಇನ್ನು ಇದನ್ನು ಬರೆಯದೆ ಇರಬಾರದು. ಮೊನ್ನೆ ಗುರುವಾರ ಒಂದು ಶ್ರಾದ್ಧದ ಅಡುಗೆ ಮುಗಿಸಿ ಬಂದಾಗ ಗಂಟು ಮಲಗಿದರೂ ಒಳಗೆ ಹೋಗಲಿಲ್ಲ. ಅರ್ಧ ಗಂಟೆ ಗಟ್ಟಿಯಾಗಿ ನಿಂತಿತ್ತು, ನೋವೂ ಇತ್ತು. ವಾಂತಿಯಾಗಲಿಲ್ಲ. ಮೊಣಕಾಲು ಮಡಚಿ ಅಲುಗಾಡದೆ ಮಲಗಿದ್ದ ಮೇಲೆ ತಾನೇ ಸರಿದು ಒಳಹೋಯಿತು. ಹಾಗೆ ಒಳಹೋಗದೆ ನೋವು ಏರಿದರೆ, ವಾಂತಿ ಬಂದರೆ ರಾತ್ರಿಯಾದರೂ ಸರಿ ಹೊರಟು ಬನ್ನಿ ಎಂದಿದ್ದಿರಿ. ಜೀಪಿನವನಿಗೆ ಹೇಳಿಟ್ಟಿದ್ದೇನೆ. ಆದರೂ ಈ ಒಂದು ಸಲ ಆದದ್ದರಿಂದ 18ರ ತನಕ ಕಾಯಬಹುದೇ, ಅದಕ್ಕಿಂತ ಮೊದಲೇ ಮಾಡಿಸಬೇಕೇ ಎಂದು ಮೊದಲು ಇದಕ್ಕೇ ಉತ್ತರ ಕೊಡಿ. ಮೆಡಿಕಲ್ ಶಾಪಿನಲ್ಲಿ 400 ರೂಪಾಯಿ ಕೊಟ್ಟು ತಂದ ಬೆಲ್ಟು ಒಂದಿದೆ. ಅದನ್ನು ಕಟ್ಟಿಕೊಂಡರೆ ನಡೆಯಲು ಹಿತವೆನಿಸುತ್ತದೆ, ಗಂಟು ಹೊರಗಿರುವಾಗ ಕಟ್ಟಿದರೆ ಕೆಡುಕೇನೋ ಎಂಬ ಅನುಮಾನವೂ ಇದೆ.

ಮನೆಗೆ ಬಂದ ಮೇಲಿನದು ಚಿಕ್ಕಪುಟ್ಟದ್ದು. ಸ್ನಾನ ಯಾವಾಗ, ಮೊಪೆಡ್ ಯಾವಾಗ, ಚಾಪೆಯ ಮೇಲೆ ಮಲಗಿ ಏಳಬಹುದೇ ಅಥವಾ ಮಂಚವೇ ಬೇಕೇ. ಅಂಡಚೀಲ ಊದಿ ನೀಲಿಗಟ್ಟಿದರೆ ಎಷ್ಟರ ತನಕ ಅದು ಸಹಜ, ಯಾವಾಗ ನಿಮಗೆ ಫೋನ್ ಮಾಡಬೇಕು. ನಮ್ಮ ಪರಿಚಾರಕರಲ್ಲಿ ಒಬ್ಬನಿಗೆ ಆಪರೇಷನ್ ಆಗಿ ಆರು ತಿಂಗಳಾದರೂ ಚಿವುಟಿದಂಥ ನೋವು ಬಿಟ್ಟಿಲ್ಲ, ಒಂದು ಅಂಗೈಯಗಲ ಜೋಮು ಹಿಡಿದಿದೆ. ಅದು ನನಗೂ ಆಗಬಹುದಾದರೆ ಮುಚ್ಚಿಡದೆ ಹೇಳಿ. ಪಥ್ಯದ ವಿಷಯದಲ್ಲಿ ಮಾತ್ರ ನೀವೇ ಒಂದು ಸಾಲು ಬರೆದುಕೊಡಲೇಬೇಕು. ಮೊಸರು ಕೂಡದು ಎಂದು ಅತ್ತಿಗೆ, ಆಲೂಗಡ್ಡೆ ಕೂಡದು ಎಂದು ಅಕ್ಕ, ಮೂರು ತಿಂಗಳು ಹಾಸಿಗೆ ಬಿಟ್ಟು ಏಳಕೂಡದು ಎಂದು ಅಣ್ಣ. ಎಲ್ಲರ ಮಾತೂ ಕೇಳಿದರೆ ನಾನು ಗಂಜಿ ಕುಡಿದು ಮಲಗಿಯೇ ಸವೆಯಬೇಕು.

ಉತ್ತರ ಈ ಕಾಗದದ ಬೆನ್ನಿಗೇ ಬರೆದರೂ ಸಾಕು, ಅಳಿಯ ಮಧ್ಯಾಹ್ನದ ತನಕ ಕಾಯುತ್ತಾನೆ. ಕಿಲೋ ಮತ್ತು ವಾರ ಎರಡನ್ನೂ ಅಂಕಿಯಲ್ಲೇ ಬರೆಯಿರಿ. ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸುತ್ತೇನೆ. ಹುಡುಗರು ನನ್ನ ಮಾತು ಕೇಳುತ್ತಾರೆ, ನಾನೇ ನನ್ನ ಮಾತು ಕೇಳುವವನಲ್ಲ.

ಇಂತಿ,
ಗಣಪತಿ

ತಾ.ಕ.: ಮನೆಯವಳು ಪತ್ರ ಓದಿ ಒಂದು ತಿದ್ದುಪಡಿ ಹೇಳಿದ್ದಾಳೆ. ಬೀಡಿ ಆರಲ್ಲ, ಹತ್ತು. ಬಿಟ್ಟದ್ದೂ ಮಂಗಳವಾರದಿಂದಲ್ಲ, ಶುಕ್ರವಾರದಿಂದ.