ಪೇಜಿಗೆ ಮೆಸೇಜ್ ಮಾಡುವ ನಮ್ಮ ಗಿರಾಕಿಗಳಿಗೆ

ನಮಸ್ಕಾರ.

ತೀರ್ಥಹಳ್ಳಿಯ ಹಲಸು-ಮಿಡಿ ಅಂಗಡಿಯಿಂದ ಒಂದು ತಿಳಿವಳಿಕೆ. ನಮ್ಮ ಫೇಸ್‌ಬುಕ್ ಪೇಜಿನ ಇನ್‌ಬಾಕ್ಸಿನಲ್ಲಿ ಜೂನ್ 1ರಿಂದ ಸ್ವಲ್ಪ ಬದಲಾವಣೆ ಮಾಡುತ್ತಿದ್ದೇವೆ. ಅಂಗಡಿ ಮುಚ್ಚಿದ ಹೊತ್ತಿನಲ್ಲಿ ತಾನಾಗಿ ಹೋಗುವ ಒಂದು ಉತ್ತರ ಇಟ್ಟಿದ್ದೇವೆ. ಪದೇಪದೇ ಬರುವ ಪ್ರಶ್ನೆಗಳಿಗೆ ಕೆಲವು ಉತ್ತರಗಳನ್ನು ಮೊದಲೇ ಬರೆದಿಟ್ಟುಕೊಂಡಿದ್ದೇವೆ. ಯಾವುದು ತಾನಾಗಿ ಬಂದದ್ದು, ಯಾವುದು ನಾವು ಓದಿ ಕಳಿಸಿದ್ದು ಅಂತ ನಿಮಗೆ ಗೊತ್ತಿದ್ದರೆ ಆರ್ಡರ್ ವಿಷಯದಲ್ಲಿ ಗೊಂದಲ ಆಗುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇವೆ.

ಮೊದಲು, ಪೇಜಿಗೆ ಬರುವ ದಾರಿ. ಬಿಲ್ಲಿನ ಹಿಂದೆ ಮತ್ತು ಗಲ್ಲಾ ಪಕ್ಕದ ಗಾಜಿನ ಮೇಲೆ ಕ್ಯೂಆರ್ ಕೋಡ್ ಅಂಟಿಸಿದೆ. ಮೊಬೈಲ್ ಕ್ಯಾಮೆರಾ ಹಿಡಿದರೆ ನೇರವಾಗಿ ನಮ್ಮ ಜೊತೆ ಮಾತಾಡುವ ಜಾಗ ತೆರೆಯುತ್ತದೆ. ಅದರ ಪಕ್ಕದಲ್ಲೇ ದುಡ್ಡು ಕೊಡುವ ಕ್ಯೂಆರ್ ಕೋಡೂ ಇದೆ, ಅದು ಬೇರೆ. ಮೆಸೇಜಿನದ್ದಕ್ಕೆ ಹಸಿರು ಅಂಚು ಹಾಕಿದ್ದೇವೆ. ದೂರದಲ್ಲಿ ಇರುವವರು ಫೇಸ್‌ಬುಕ್ಕಿನಲ್ಲಿ ಅಂಗಡಿಯ ಹೆಸರನ್ನು ಊರಿನ ಹೆಸರಿನ ಜೊತೆ ಹುಡುಕಿ, Message ಬಟನ್ ಒತ್ತಿ. ಪೇಜಿನಿಂದ ನಾವಾಗಿಯೇ ಮೊದಲು ನಿಮಗೆ ಮೆಸೇಜ್ ಮಾಡಲು ಬರುವುದಿಲ್ಲ. ಮಾತು ನಿಮ್ಮ ಕಡೆಯಿಂದಲೇ ಶುರು ಆಗಬೇಕು. "ಮಿಡಿ ಬಂದಾಗ ನೀವೇ ತಿಳಿಸಿ" ಅಂತ ಅಂಗಡಿಯಲ್ಲಿ ಹೇಳಿ ಹೋದವರು ಸುಮ್ನೆ ಒಂದು "ನಮಸ್ಕಾರ" ಆದರೂ ಕಳಿಸಿಡಿ. ಅದಾಗಿ ಕೆಲವು ದಿನ ಕಳೆದರೆ ಮತ್ತೆ ಕಳಿಸಬೇಕಾಗುತ್ತದೆ. ಅದು ಫೇಸ್‌ಬುಕ್ಕಿನ ನಿಯಮ, ನಮ್ಮ ಕೈಯಲ್ಲಿಲ್ಲ.

ಮೆಸೇಜ್ ಜಾಗ ತೆರೆದ ಕೂಡಲೇ ಮೂರು ಬಟನ್ ಕಾಣುತ್ತವೆ: "ಇವತ್ತಿನ ರೇಟ್", "ಪಾರ್ಸೆಲ್ ಹೇಗೆ", "ಅಂಗಡಿ ಎಲ್ಲಿ". ಒತ್ತಿದರೆ ಉತ್ತರ ಕೂಡಲೇ ಬರುತ್ತದೆ. ರಾತ್ರಿ ಹನ್ನೆರಡಕ್ಕೂ ಬರುತ್ತದೆ. ಬರೀ ರೇಟ್ ಬೇಕಿದ್ದವರು ನಮಗೆ ಕಾಯಬೇಕಾಗಿಲ್ಲ.

ಅಂಗಡಿ ಬೆಳಿಗ್ಗೆ 9ರಿಂದ 1.30, ಮಧ್ಯಾಹ್ನ 3.30ರಿಂದ ರಾತ್ರಿ 8. ಭಾನುವಾರ ಬೆಳಿಗ್ಗೆ ಮಾತ್ರ. ಉಳಿದ ಹೊತ್ತಿನಲ್ಲಿ ನೀವು ಬರೆದರೆ ಈ ಉತ್ತರ ಬರುತ್ತದೆ:

"ನಮಸ್ಕಾರ. ಈಗ ಅಂಗಡಿ ಮುಚ್ಚಿದೆ. ಇದು ತಾನಾಗಿ ಹೋಗುವ ಉತ್ತರ, ನಿಮ್ಮ ಮೆಸೇಜನ್ನು ನಾವಿನ್ನೂ ಓದಿಲ್ಲ. ಏನು ಬೇಕು, ಎಷ್ಟು ಬೇಕು, ಯಾವ ಊರಿಗೆ ಎಂದು ಬರೆದಿಡಿ. ಅಂಗಡಿ ತೆರೆದ ಮೇಲೆ ಬಂದ ಸರದಿಯಲ್ಲೇ ಉತ್ತರಿಸುತ್ತೇವೆ. ನಾವು ಒಟ್ಟು ಮೊತ್ತ ಬರೆದು ಕಳಿಸುವವರೆಗೆ ದುಡ್ಡು ಹಾಕಬೇಡಿ."

ಕೊನೆಯ ಸಾಲು ಮುಖ್ಯ. ರಾತ್ರಿ ಆರ್ಡರ್ ಬರೆದು, ಈ ಉತ್ತರ ನೋಡಿ, ಸರಿ ಆರ್ಡರ್ ಆಯ್ತು ಅಂದುಕೊಳ್ಳಬೇಡಿ. ಮಾಲು ಇದೆಯೋ ಇಲ್ಲವೋ ಎಂಬುದು ಡಬ್ಬ ತೆಗೆದು ನೋಡಿದ ಮೇಲೇ ಗೊತ್ತಾಗುವುದು. ಹಲಸಿನಕಾಯಿ ಹಪ್ಪಳ ಬೇಸಿಗೆ ಬಿಸಿಲಲ್ಲಿ ಒಣಗಿಸಿದ್ದಷ್ಟೇ. ಮಳೆ ಹಿಡಿದ ಮೇಲೆ ಹೊಸದು ಬರುವುದಿಲ್ಲ, ಇದ್ದದ್ದು ಮುಗಿದರೆ ಮುಗಿಯಿತು. ಅಪ್ಪೆಮಿಡಿಯೂ ಹಾಗೇ, ಆ ವರ್ಷ ಮರ ಕೊಟ್ಟಷ್ಟು. ನಾವು ಭರಣಿ ನೋಡಿ "ಇದೆ, ಒಟ್ಟು ಇಷ್ಟಾಯಿತು" ಎಂದು ಬರೆದರೆ ಮಾತ್ರ ಆರ್ಡರ್ ಆದಂತೆ.

ಇನ್ನು ಮಳೆಗಾಲದ ವಿಷಯ. ರಾತ್ರಿಯ ಆ ಉತ್ತರ ಫೇಸ್‌ಬುಕ್ಕಿನ ಕಡೆಯಿಂದಲೇ ಹೋಗುವುದರಿಂದ ನಮ್ಮಲ್ಲಿ ಕರೆಂಟ್ ಇಲ್ಲದಿದ್ದರೂ ನಿಮಗೆ ಬರುತ್ತದೆ. ಆದರೆ ಹಗಲು ಹೊತ್ತಿನಲ್ಲಿ ಗಾಳಿಮಳೆ ಬಂದು ಲೈನ್ ಮೇಲೆ ಮರ ಬಿದ್ದರೆ, ನೆಟ್‌ವರ್ಕ್ ಹೋದರೆ, ಅಂಥ ಉತ್ತರ ಹಾಕಿಡಲು ನಮಗೂ ದಾರಿ ಇರುವುದಿಲ್ಲ. ಆಗ ನಿಮಗೆ ಯಾವ ಉತ್ತರವೂ ಬಾರದೆ ಹೋಗಬಹುದು. ಆಗುಂಬೆ ಕಡೆಯ ಮಳೆ ಇತ್ತ ತಿರುಗಿದ ದಿನ ಹೀಗಾಗುವುದು ನಮ್ಮೂರಿನವರಿಗೆ ಗೊತ್ತು, ಬೆಂಗಳೂರಿನವರಿಗೆ ಹೇಳಬೇಕಲ್ವಾ! ಮೆಸೇಜ್ ಎಲ್ಲೂ ಹೋಗುವುದಿಲ್ಲ, ಇನ್‌ಬಾಕ್ಸಿನಲ್ಲೇ ಇರುತ್ತದೆ. ಅದನ್ನೇ ನಾಲ್ಕು ಸಲ ಕಳಿಸಬೇಡಿ. ಎಳ್ಳಮಾವಾಸ್ಯೆ ಜಾತ್ರೆ ದಿನಗಳಲ್ಲಿ ಮಾತ್ರ ಅಂಗಡಿ ತೆರೆದಿದ್ದರೂ "ಈಗ ಉತ್ತರಿಸಲು ಆಗುತ್ತಿಲ್ಲ" ಎಂದೇ ಹಾಕಿರುತ್ತೇವೆ. ಆ ಜನಜಂಗುಳಿಯಲ್ಲಿ ಫೋನ್ ನೋಡುವುದು ಆಗದ ಮಾತು.

ಮೊದಲೇ ಬರೆದಿಟ್ಟ ಉತ್ತರಗಳ ಕತೆ ಬೇರೆ. ಅವು ತಾನಾಗಿ ಹೋಗುವುದಿಲ್ಲ. ನಿಮ್ಮ ಪ್ರಶ್ನೆ ಓದಿ, ಸರಿಯಾದದ್ದನ್ನು ಆರಿಸಿ ನಾವೇ ಕಳಿಸುವುದು. ಮಾತು ಒಂದೇ ಥರ ಇದ್ದರೂ ಹಿಂದೆ ಮನುಷ್ಯರೇ ಇದ್ದಾರೆ. ಉದಾಹರಣೆಗೆ ಜೋನಿ ಬೆಲ್ಲ ಕೇಳಿದವರಿಗೆಲ್ಲ ಇದು ಹೋಗುತ್ತದೆ:

"ಜೋನಿ ಬೆಲ್ಲ ಕೆಜಿಗೆ 140 ರೂಪಾಯಿ. ದಾರಿಯಲ್ಲಿ ಸೋರದಂತೆ ಡಬ್ಬದ ಬಾಯಿಗೆ ಟೇಪ್ ಸುತ್ತಿ, ಮೇಲೆ ಎರಡು ಪ್ಲಾಸ್ಟಿಕ್ ಕವರ್ ಹಾಕುತ್ತೇವೆ. ಪಾರ್ಸೆಲ್ ಖರ್ಚು ಬೇರೆ, ತೂಕ ನೋಡಿ ಹೇಳುತ್ತೇವೆ."

ಉಪ್ಪಿನಕಾಯಿಗೆ ಇನ್ನೊಂದು ಇದೆ: "ಅಪ್ಪೆಮಿಡಿ ಉಪ್ಪಿನಕಾಯಿ ಅರ್ಧ ಕೆಜಿಗೆ 290 ರೂಪಾಯಿ. ಖಾರ ಸಾಧಾರಣ, ಉಪ್ಪು ಜಾಸ್ತಿ. ಒದ್ದೆ ಚಮಚ ಹಾಕಬೇಡಿ." ಒದ್ದೆ ಚಮಚದ ಮಾತು ಕೇಳದಿದ್ದರೂ ಹೇಳುತ್ತೇವೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಈ ಉತ್ತರಗಳಲ್ಲಿ ನಿಮ್ಮ ಹೆಸರು ತಾನಾಗಿ ಸೇರಿಕೊಳ್ಳುತ್ತದೆ. ಫೇಸ್‌ಬುಕ್ಕಿನಲ್ಲಿ ಯಾವ ಹೆಸರಿದೆಯೋ ಅದೇ. ಮೊಮ್ಮಗನ ಫೋನಿನಿಂದ ಬರೆಯುವ ಅಜ್ಜಿಯಂದಿರಿಗೆ ಮೊಮ್ಮಗನ ಹೆಸರಲ್ಲೇ ನಮಸ್ಕಾರ ಬರುತ್ತದೆ. ಮೆಸೇಜಿನ ಕೊನೆಗೆ ನಿಮ್ಮ ಹೆಸರು ಬರೆದರೆ ಪಾರ್ಸೆಲ್ ಮೇಲೆ ಸರಿಯಾದ ಹೆಸರೇ ಬರೆಯುತ್ತೇವೆ. ಬರೆದಿಟ್ಟ ಉತ್ತರ ನಿಮ್ಮ ಪ್ರಶ್ನೆಗೆ ಹೊಂದದಿದ್ದರೆ "ಅದಲ್ಲ, ಇದು" ಅಂತ ಇನ್ನೊಂದು ಸಾಲು ಹಾಕಿ. ಆಗ ಕೈಯಲ್ಲೇ ಟೈಪ್ ಮಾಡಿ ಹೇಳುತ್ತೇವೆ.

ಬರೆಯುವಾಗ ಎಲ್ಲವನ್ನೂ ಒಂದೇ ಮೆಸೇಜಿನಲ್ಲಿ ಬರೆದರೆ ನಮಗೆ ದೊಡ್ಡ ಉಪಕಾರ. "ಹಲೋ" ಒಂದು, "ಇದ್ದೀರಾ" ಒಂದು, ಆಮೇಲೆ ಒಂದು ಗಂಟೆ ಬಿಟ್ಟು "ಹಪ್ಪಳ" ಎಂದರೆ ನಿಮ್ಮ ಸರದಿ ನಮಗೇ ತಪ್ಪಿಹೋಗುತ್ತದೆ. ಹೀಗೆ ಬರೆದರೆ ಸಾಕು: "ಹಲಸಿನಕಾಯಿ ಹಪ್ಪಳ 4 ಕಟ್ಟು, ಜೇನುತುಪ್ಪ 1 ಕೆಜಿ, ಮೈಸೂರಿಗೆ, ಶುಕ್ರವಾರದೊಳಗೆ ಸಿಗಬೇಕು." ಪೂರ್ತಿ ವಿಳಾಸ, ಫೋನ್ ನಂಬರ್ ಇನ್‌ಬಾಕ್ಸಿನಲ್ಲಿ ಮಾತ್ರ ಕೊಡಿ. ಫೋಟೊ ಕೆಳಗೆ ಬರೆದರೆ ಊರೆಲ್ಲ ಓದುತ್ತದೆ. ಬೆಂಗಳೂರಿನ ಪಾರ್ಸೆಲ್ ರಾತ್ರಿ ಬಸ್ಸಿಗೆ ಹಾಕುತ್ತೇವೆ, ಉಳಿದ ಊರುಗಳಿಗೆ ಸ್ಪೀಡ್ ಪೋಸ್ಟ್. ಸಂಜೆ 4ರ ಒಳಗೆ ದುಡ್ಡು ಬಂದ ಆರ್ಡರ್ ಅವತ್ತೇ ಹೊರಡುತ್ತದೆ.

ದುಡ್ಡಿನ ವಿಷಯದಲ್ಲಿ ಒಂದು ಎಚ್ಚರಿಕೆ. ನಾವು ಒಟ್ಟು ಮೊತ್ತದ ಜೊತೆಗೇ ಯುಪಿಐ ಕ್ಯೂಆರ್ ಕೋಡ್ ಕಳಿಸುತ್ತೇವೆ. ಅದರಲ್ಲಿ ಬರುವ ಹೆಸರು ಬಿಲ್ಲಿನ ಮೇಲಿರುವ ಹೆಸರೇ ಆಗಿರಬೇಕು. ಒಟಿಪಿಯನ್ನಾಗಲಿ ಪಿನ್ ನಂಬರನ್ನಾಗಲಿ ನಾವು ಯಾವತ್ತೂ ಕೇಳುವುದಿಲ್ಲ. ಮಾಲು ಸಿಗದೆ ನಿಮಗೆ ದುಡ್ಡು ವಾಪಸ್ ಬರಬೇಕಾದರೂ ನೀವು ಪಿನ್ ಒತ್ತುವ ಅಗತ್ಯ ಇಲ್ಲ. ದುಡ್ಡು ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಬೇಕು. ನಮ್ಮ ಹೆಸರಿನಲ್ಲಿ ಯಾರಾದರೂ ಹಾಗೆ ಕೇಳಿದರೆ ಅದು ನಾವಲ್ಲ. ಅಂಗಡಿಗೆ ಫೋನ್ ಮಾಡಿ ಕೇಳಿಬಿಡಿ.

ಇದೆಲ್ಲ ಬೇಡ ಎನ್ನುವ ಹಿರಿಯರು ಬಿಲ್ಲಿನ ಮೇಲಿರುವ ನಂಬರಿಗೆ ಮೊದಲಿನ ಹಾಗೆ ಫೋನ್ ಮಾಡಬಹುದು. ಊರಿನಲ್ಲೇ ಇದ್ದವರು ರಾಮೇಶ್ವರ ದೇವಸ್ಥಾನದ ಕಡೆ ಬಂದಾಗ ಅಂಗಡಿಗೇ ಬನ್ನಿ, ಮಿಡಿ ರುಚಿ ನೋಡಿಯೇ ತೆಗೆದುಕೊಳ್ಳಬಹುದು. ಆ ಸೌಲಭ್ಯ ಪೇಜಿನಲ್ಲಿಲ್ಲ.

ಇತಿ,
ಹಲಸು-ಮಿಡಿ ಅಂಗಡಿಯವರು, ತೀರ್ಥಹಳ್ಳಿ